ಡಿಟೆಕ್ಟರ್ ತೋರಿಸುವ ಅಂಕಿ ತೀರ್ಪಲ್ಲ

“ಸರ್, ಡಿಟೆಕ್ಟರ್ 70% ಎಐ ಅಂತ ತೋರಿಸಿದ್ರೆ ನೇರ ಸೊನ್ನೆ ಅಂತೆ. ಗ್ರೂಪಲ್ಲಿ ಮೆಸೇಜ್ ಬಂದಿದೆ, ನಿಜಾನಾ?”

ಪ್ರಿಯ ವಿದ್ಯಾರ್ಥಿಗಳೇ,

ನಿಜವಲ್ಲ. ನೀವು ಬರೆಯುವುದನ್ನು ಡಿಟೆಕ್ಟರ್ ಕಂಡಿರುವುದಿಲ್ಲ. ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು, ವಾಕ್ಯಗಳು ಎಷ್ಟು ಒಂದೇ ಥರ ಇವೆ ಎಂಬಂಥದ್ದನ್ನು ನೋಡಿ ಅಂದಾಜು ಹೇಳುತ್ತದೆ, ಅಷ್ಟೇ. ಸರಳವಾಗಿ, ನೀಟಾಗಿ ಬರೆಯುವವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಸುಮ್ನೆ ಒಂದು ಲೆಕ್ಕ ಹಾಕಿ. 100 ಪ್ರಬಂಧಗಳಲ್ಲಿ 20 ಯಂತ್ರ ಬರೆದದ್ದು ಅಂದುಕೊಳ್ಳಿ. ಡಿಟೆಕ್ಟರ್ ಅವುಗಳಲ್ಲಿ 16 ಹಿಡಿಯಿತು. ಉಳಿದ 80ರಲ್ಲಿ ನೂರಕ್ಕೆ ಐದರಂತೆ ತಪ್ಪಿದರೆ ಇನ್ನೂ 4 ಸೇರುತ್ತವೆ. ಅಂದರೆ ಗುರುತು ಬಿದ್ದ 20 ಮಂದಿಯಲ್ಲಿ ನಾಲ್ವರು ತಾವೇ ಬರೆದವರು! ನಾಲ್ಕು ಯಂತ್ರದ ಬರಹಗಳು ತಪ್ಪಿಸಿಕೊಂಡವು ಕೂಡ.

ನೀವೇ ಪರೀಕ್ಷಿಸಬಹುದು. 2022ಕ್ಕೂ ಮೊದಲು ನೀವೇ ಬರೆದ ಒಂದು ಹಳೆಯ ಪುಟವನ್ನು ಎರಡು ಬೇರೆ ಡಿಟೆಕ್ಟರ್‌ಗಳಿಗೆ ಹಾಕಿ, ಅಂಕಿಗಳನ್ನು ಹೋಲಿಸಿ. ಇಂಥ ಮೆಸೇಜ್ ಬಂದಾಗ ಕೋರ್ಸಿನ ನಿಯಮದ ಪುಟವನ್ನೂ ತೆರೆದು ನೋಡಿ.

ಈ ಸೆಮಿಸ್ಟರ್‌ನಲ್ಲಿ ಕಾಗುಣಿತ ತಿದ್ದಲು, ವಿಷಯ ಹುಡುಕಲು ಎಐ ಬಳಸಬಹುದು. ಯಾವುದಕ್ಕೆ ಬಳಸಿದಿರಿ ಎಂದು ಕೊನೆಯಲ್ಲಿ ಒಂದು ಸಾಲು ಬರೆಯಿರಿ. ಪ್ಯಾರಾ ಬರೆಸುವಂತಿಲ್ಲ. ಡಿಟೆಕ್ಟರ್ ಗುರುತು ಹಾಕಿದರೆ ಅಂಕ ಕಳೆಯುವುದಿಲ್ಲ. ನಿಮ್ಮ ಡ್ರಾಫ್ಟ್‌ಗಳನ್ನು, ಫೈಲಿನ ವರ್ಷನ್ ಹಿಸ್ಟರಿಯನ್ನು ನೋಡುತ್ತೇನೆ, ಹತ್ತು ನಿಮಿಷ ಕೂತು ಮಾತಾಡುತ್ತೇವೆ. ನಿಮ್ಮದೇ ವಾದವನ್ನು ನೀವು ವಿವರಿಸಬಲ್ಲಿರಾ ಅನ್ನುವುದೇ ನನಗೆ ಜಾಸ್ತಿ ಮುಖ್ಯ. ಹಾಗಾಗಿ ಡ್ರಾಫ್ಟ್‌ಗಳನ್ನು ಅಳಿಸಬೇಡಿ.