ಶೀರ್ಷಿಕೆಯ ಅರ್ಧವಷ್ಟೇ ಕಂಡರೆ ಏನಾಗುತ್ತದೆ?

ಮಾನಸಿಕ ಆರೋಗ್ಯದ ಬಗ್ಗೆ ಮಾಡಿದ ವಿಡಿಯೋವನ್ನು ನೋಡುವವರಿಗಿಂತ ಅದರ ಶೀರ್ಷಿಕೆಯನ್ನು ಮಾತ್ರ ಓದಿ ಮುಂದೆ ಸರಿಯುವವರೇ ಹೆಚ್ಚು. ವಿಡಿಯೋದೊಳಗೆ ವೈದ್ಯರು ಎಷ್ಟೇ ಎಚ್ಚರದಿಂದ ಮಾತನಾಡಿದ್ದರೂ ಆ ಎಚ್ಚರ ಇವರನ್ನು ತಲುಪುವುದಿಲ್ಲ, ಶೀರ್ಷಿಕೆಯ ಹತ್ತು ಪದಗಳು ಮಾತ್ರ ತಲುಪುತ್ತವೆ. ಆದ್ದರಿಂದ ಶೀರ್ಷಿಕೆಯನ್ನು ವಿಡಿಯೋದ ಮುಚ್ಚಳವೆಂದು ಭಾವಿಸದೆ, ಅದೇ ಒಂದು ಪೂರ್ತಿ ಸಂದೇಶವೆಂದು ಭಾವಿಸಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರೆಯಲು ಕಾರಣ, ಕೋಲಾರ ಜಿಲ್ಲೆಯ ನಮ್ಮ ಪರಿಚಯದ ಯುವಕರು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆಂದು ಸಿದ್ಧಪಡಿಸಿದ ಒಂದು ವಿಡಿಯೋ. ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ತಲೆಬರಹ ತಿದ್ದುವ ಕೆಲಸ ಮಾಡಿದವನೆಂಬ ಕಾರಣಕ್ಕೆ ಅವರು ನನ್ನನ್ನು ಕೇಳಿದ್ದರು.

ವಿಡಿಯೋದಲ್ಲಿ ಮಾತನಾಡಿರುವವರು ಟೊಮೆಟೊ ಬೆಳೆಯುವ ಒಬ್ಬ ರೈತರು. ತಿಂಗಳುಗಟ್ಟಲೆ ನಿದ್ದೆ ಬಾರದಿದ್ದದ್ದು, ಊಟ ರುಚಿಸದಿದ್ದದ್ದು, ತೋಟದ ಕಡೆ ಹೋಗಲೂ ಮನಸ್ಸಾಗದಿದ್ದದ್ದು, ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಆಸ್ಪತ್ರೆಗೆ ಹೋಗಿ ಖಿನ್ನತೆಗೆ ಚಿಕಿತ್ಸೆ ಪಡೆದದ್ದು ಎಲ್ಲವನ್ನೂ ಅವರು ಹೇಳಿದ್ದಾರೆ. ಬದುಕೇ ಬೇಡವೆನಿಸಿದ ದಿನಗಳೂ ಇದ್ದವು ಎಂದು ನಡುವೆ ಒಂದು ವಾಕ್ಯ ಬರುತ್ತದೆ. ಸಂಕಲನ ಮಾಡಿದ ಹುಡುಗ ಆ ಒಂದು ವಾಕ್ಯವನ್ನು ಹಿಡಿದು ಶೀರ್ಷಿಕೆ ಹೆಣೆದಿದ್ದ: "ಟೊಮೆಟೊ ಬೆಲೆ ಕುಸಿದ ರಾತ್ರಿ ಸಾವಿಗೆ ಸಿದ್ಧನಾಗಿದ್ದ ರೈತ! ಬೆಚ್ಚಿಬೀಳಿಸುವ ಕಥೆ, ಕೊನೆಗೆ ಬದುಕಿದ್ದು ಹೇಗೆ?" ಇದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾವು ದಿನವೂ ಓದುವ ಸುದ್ದಿಗಳ ಧಾಟಿಯೇ ಅವನ ಕೈಗೂ ಬಂದಿತ್ತು.

ಮೊದಲು ಬೆಲೆಯ ಮಾತನ್ನು ತೆಗೆದುಕೊಳ್ಳೋಣ. ಬೆಲೆ ಕುಸಿಯಿತು, ಆದ್ದರಿಂದ ರೈತ ಸಾವನ್ನು ಯೋಚಿಸಿದ ಎಂಬ ಕಾರ್ಯಕಾರಣ ಸಂಬಂಧವನ್ನು ಈ ಶೀರ್ಷಿಕೆ ಕಟ್ಟುತ್ತದೆ. ಆ ರೈತರ ಮಾತನ್ನು ಪೂರ್ತಿ ಕೇಳಿದವರಿಗೆ ಗೊತ್ತು, ಅವರ ನಿದ್ದೆ ಕೆಟ್ಟದ್ದು ಬೆಲೆ ಬೀಳುವುದಕ್ಕೆ ಬಹಳ ಮೊದಲೇ. ಮನೆಯಲ್ಲಿ ಒಂದು ಸಾವು, ಕುಡಿತ, ಸಾಲ, ಚಿಕಿತ್ಸೆಯಿಲ್ಲದೆ ಬೆಳೆದ ಕಾಯಿಲೆ ಎಲ್ಲವೂ ಅದರಲ್ಲಿ ಸೇರಿದ್ದವು. ಆತ್ಮಹತ್ಯೆಯ ಯೋಚನೆಗೆ ಒಂದೇ ಕಾರಣವನ್ನು ಅಂಟಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆಂದು ಹೊರಡಿಸಿರುವ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ. ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಗಂಭೀರ. ಟೊಮೆಟೊ ಬೆಲೆ ಕುಸಿಯುವುದು ಇಲ್ಲಿ ಯಾವಾಗಲೋ ಒಮ್ಮೆ ನಡೆಯುವ ಘಟನೆಯಲ್ಲ. ಮುಂದಿನ ಬಾರಿ ಬೆಲೆ ಬಿದ್ದ ದಿನ, ಮಂಡಿಯಿಂದ ಹಿಂದಿರುಗಿದ ಇನ್ನೊಬ್ಬ ರೈತರ ಫೋನಿನಲ್ಲಿ ಈ ಶೀರ್ಷಿಕೆ ಕಾಣಿಸಿದರೆ, ಅದು ಅವರ ಬೆಳೆಯ ಹೆಸರನ್ನೂ ಅವರ ನಷ್ಟವನ್ನೂ ಹೇಳಿ, ಅದರ ಪಕ್ಕದಲ್ಲಿ ಸಾವನ್ನು ಸಹಜ ಮುಂದುವರಿಕೆಯಂತೆ ಇಟ್ಟಿರುತ್ತದೆ. ತನ್ನಂತೆಯೇ ಇರುವವರ ಕಥೆಯೇ ಮನಸ್ಸಿಗೆ ಹೆಚ್ಚು ತಾಗುವುದರಿಂದ, ಇಂಥ ಹೋಲಿಕೆ ಅಪಾಯದ ಕಡೆಗೂ ಎಳೆಯಬಲ್ಲದು, ಸಹಾಯದ ಕಡೆಗೂ ಎಳೆಯಬಲ್ಲದು.

ಎರಡೂ ಕಡೆಯ ಪ್ರಭಾವಕ್ಕೆ ಆಧಾರವಿದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1980ರ ದಶಕದಲ್ಲಿ ಪತ್ರಿಕೆಗಳು ಒಂದು ಬಗೆಯ ಆತ್ಮಹತ್ಯೆಗಳನ್ನು ರೋಚಕವಾಗಿ ವರದಿ ಮಾಡುತ್ತಿದ್ದವು. 1987ರಲ್ಲಿ ಅಲ್ಲಿನ ತಜ್ಞರು ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟು, ಪತ್ರಿಕೆಗಳು ತಮ್ಮ ಧಾಟಿಯನ್ನು ಬದಲಿಸಿದ ಮೇಲೆ ಅಂಥ ಘಟನೆಗಳು ಗಣನೀಯವಾಗಿ ಇಳಿದವು. ಅದೇ ದೇಶದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಯೋಚನೆ ಬಂದರೂ ಅದನ್ನು ದಾಟಿ ಬಂದವರ ಕುರಿತ ವರದಿಗಳ ನಂತರ ಆತ್ಮಹತ್ಯೆಗಳು ಕಡಿಮೆಯಾದದ್ದು ಕಂಡುಬಂದಿತು. ನಮ್ಮ ರೈತರ ಮಾತು ಈ ಎರಡನೆಯ ಬಗೆಗೆ ಸೇರಿದ್ದು. ಆದರೆ ಹುಡುಗ ಕೊಟ್ಟ ಶೀರ್ಷಿಕೆ ಅದನ್ನು ಮೊದಲನೆಯ ಬಗೆಗೆ ತಳ್ಳಿಬಿಟ್ಟಿತ್ತು.

"ಸಿದ್ಧನಾಗಿದ್ದ" ಎಂಬ ಪದ ಮೇಲ್ನೋಟಕ್ಕೆ ನಿರಪಾಯವೆನಿಸುತ್ತದೆ. ಯಾವ ವಿಧಾನದ ಹೆಸರನ್ನೂ ಅದು ಹೇಳುವುದಿಲ್ಲ. ಆದರೂ ಹೇಗೆ ಸಿದ್ಧನಾಗಿದ್ದ, ಎಲ್ಲಿ, ಯಾವುದರಿಂದ ಎಂಬ ಪ್ರಶ್ನೆಗಳನ್ನು ಅದು ಓದುಗನಲ್ಲಿ ಹುಟ್ಟಿಸುತ್ತದೆ. ಅದರ ಜೊತೆಗಿರುವ "ರಾತ್ರಿ" ಆ ಕುತೂಹಲಕ್ಕೆ ಒಂದು ದೃಶ್ಯವನ್ನೂ ಒದಗಿಸುತ್ತದೆ. ವಿಧಾನ, ಸ್ಥಳ, ಸಮಯ, ಬರೆದಿಟ್ಟ ಪತ್ರ ಇವುಗಳನ್ನು ಹೇಳದಿರುವುದಷ್ಟೇ ಸಾಲದು, ಅವುಗಳ ಕಡೆಗೆ ಕುತೂಹಲವನ್ನು ತಿರುಗಿಸಲೂ ಬಾರದು. ನಮ್ಮ ಸುದ್ದಿಯ ಭಾಷೆಗೆ ಈ ವಿಷಯದಲ್ಲಿ ಒಂದು ಹಳೆಯ ಚಾಳಿ ಇದೆ. ವಿಧಾನದ ಹೆಸರನ್ನೇ ಹೇಳಿ ಅದಕ್ಕೆ "ಶರಣು" ಎಂದು ಸೇರಿಸಿ ಎರಡೇ ಪದದಲ್ಲಿ ತಲೆಬರಹ ಮುಗಿಸುತ್ತಾರೆ. ದೇವರ ಮುಂದೆ ಹೇಳುವ ಪದವನ್ನು ಅಲ್ಲಿ ತಂದಿಡುವುದು ಎಂಥ ಅನ್ಯಾಯ ಎಂದು ಸುದ್ದಿಮನೆಯಲ್ಲಿ ಬಹಳ ಜನ ಯೋಚಿಸುವುದೇ ಇಲ್ಲ, ಜಾಗ ಉಳಿಯುತ್ತದೆ ಎಂಬುದೊಂದೇ ಅವರ ಲೆಕ್ಕ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಕಾಗುಣಿತದ ಚಿಹ್ನೆಯೂ ಒತ್ತಕ್ಷರದ ಕೊಂಡಿಯೂ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ, ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ" ಅಲ್ಲಿ ಆರಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮೊಬೈಲಿನ ಪಟ್ಟಿಯಲ್ಲಿ ಆ ನೂರೂ ಕಾಣುವುದಿಲ್ಲ. ಒಂದೆರಡು ಸಾಲು ಕಂಡು ಉಳಿದದ್ದು ಮೂರು ಚುಕ್ಕೆಗಳಲ್ಲಿ ಮುಗಿಯುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವೂ ನಿಷೇಧವೂ ಬರುವುದು ವಾಕ್ಯದ ಕೊನೆಗೆ. "ಬದುಕಿದ್ದು ಹೇಗೆ" ಎಂಬ ಭಾಗ ಕತ್ತರಿಸಿ ಹೋದರೆ ಪರದೆಯ ಮೇಲೆ ಉಳಿಯುವುದು ಸಾವಿಗೆ ಸಿದ್ಧನಾದ ರೈತ ಮಾತ್ರ. ಜಾಗೃತಿಗೆಂದೇ ಎಲ್ಲರೂ ಬಳಸುವ "ಸಾಲಕ್ಕೆ ಸಾವೇ ಪರಿಹಾರವಲ್ಲ" ಎಂಬ ಮಾತನ್ನೇ ನೋಡಿ. ಅದರ ಮುಂದೆ ಊರಿನ ಹೆಸರನ್ನೋ ವೈದ್ಯರ ಹೆಸರನ್ನೋ ಸೇರಿಸಿ ಉದ್ದ ಮಾಡಿದಿರಾದರೆ, ಕೊನೆಯ "ವಲ್ಲ" ಬಿದ್ದುಹೋಗಿ ಹೇಳಬೇಕಾದುದಕ್ಕೆ ನೇರ ವಿರುದ್ಧವಾದ ಮಾತು ಜನರ ಕಣ್ಣೆದುರು ನಿಲ್ಲುತ್ತದೆ. ಪೂರ್ತಿ ಕಂಡರೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ಸಾವನ್ನು ಪರಿಹಾರಗಳ ಸಾಲಿನಲ್ಲಿ ತಂದು ನಿಲ್ಲಿಸಿ ಆಮೇಲೆ ಅಲ್ಲಗಳೆಯುವ ಕ್ರಮ ಅದು, ಕಷ್ಟದಲ್ಲಿರುವವನಿಗೆ ನಿಜವಾದ ಪರಿಹಾರ ಎಲ್ಲಿದೆಯೆಂದು ಅದು ಹೇಳುವುದೇ ಇಲ್ಲ.

ಆದ್ದರಿಂದ ನಾನು ಆ ಯುವಕರಿಗೆ ಹೇಳಿದ ಪರೀಕ್ಷೆ ಸರಳವಾದದ್ದು. ಶೀರ್ಷಿಕೆಯ ಮೊದಲ ನಾಲ್ಕೈದು ಪದಗಳನ್ನು ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ ಓದಬೇಕು. ಕಂಡಷ್ಟು ಭಾಗವೇ ಒಬ್ಬ ನೊಂದ ಮನುಷ್ಯನಿಗೆ ನಾವು ಕಳುಹಿಸಿದ ಪೂರ್ತಿ ಸಂದೇಶವಾಗಿದ್ದರೆ ಪರವಾಗಿಲ್ಲವೇ ಎಂದು ಕೇಳಿಕೊಳ್ಳಬೇಕು. ಚೇತರಿಕೆಯೂ ಚಿಕಿತ್ಸೆಯೂ ಆ ಭಾಗದಲ್ಲೇ ಬರುವಂತೆ ಪದಗಳನ್ನು ಜೋಡಿಸಬೇಕು.

"ಸಾರ್, ಇಷ್ಟು ಸಪ್ಪೆಯಾಗಿಟ್ಟರೆ ಯಾರು ಒತ್ತುತ್ತಾರೆ?" ಎಂದು ಆ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ, ಏಕೆಂದರೆ ಯಾರೂ ನೋಡದ ವಿಡಿಯೋದಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ರೋಚಕ ಶೀರ್ಷಿಕೆ ಸೆಳೆಯುವುದು ಕಥೆಗಾಗಿ ಬರುವವರನ್ನು, ನಮಗೆ ಬೇಕಿರುವುದು ತಮಗೇನೋ ಆಗಿದೆಯೆಂದು ಶಂಕಿಸುತ್ತಿರುವವರನ್ನು. ಅಂಥವರು ಫೋನಿನಲ್ಲಿ ಹುಡುಕುವುದು ಲಕ್ಷಣಗಳ ಮೂಲಕ. ನಿದ್ದೆ ಬರುತ್ತಿಲ್ಲ, ಎದೆ ಭಾರ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದು. "ಬೆಚ್ಚಿಬೀಳಿಸುವ ಕಥೆ" ಎಂದು ಹುಡುಕಿ ಸಹಾಯ ಕೇಳುವವರು ಯಾರೂ ಇಲ್ಲ.

ಆತ್ಮಹತ್ಯೆ ಎಂಬ ಪದವನ್ನೇ ಬಳಸಬಾರದೇ ಎಂಬ ಚರ್ಚೆಯೂ ನಡೆಯಿತು. ತಲೆಬರಹದಲ್ಲಿ ಆ ಪದ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾರ್ಗಸೂಚಿ ಸುದ್ದಿಯವರಿಗೆ ಹೇಳಿದೆ, ನಮ್ಮ ಶೀರ್ಷಿಕೆಗೂ ಅದು ಅಗತ್ಯವಿರಲಿಲ್ಲ. ಆದರೆ ವಿಡಿಯೋದ ಒಳಗೆ ಅದನ್ನು ಮುಚ್ಚಿಡುವ ಕಾರಣವಿಲ್ಲ. ಒಬ್ಬರನ್ನು ಸಾವಿನ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಸಮಾಧಾನದಿಂದ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ ಎಂದು ಮನೋವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಪದದ ನಡುವೆ ನಕ್ಷತ್ರ ಚಿಹ್ನೆ ಹಾಕಿ ಅರ್ಧ ಮರೆಮಾಡುವುದನ್ನಂತೂ ನಾನು ಬೇಡವೆಂದೆ. ಓದುವವನಿಗೆ ಅದು ಹೇಗೂ ಅರ್ಥವಾಗುತ್ತದೆ, ಮೇಲಾಗಿ ಬಾಯಲ್ಲಿ ಹೇಳಲಾಗದ ಕಳಂಕವೇನೋ ಇದೆ ಎಂಬ ಭಾವನೆಯೂ ಸೇರಿಕೊಳ್ಳುತ್ತದೆ.

ಕೊನೆಗೆ ಶೀರ್ಷಿಕೆಯನ್ನು ತಿದ್ದಿದವರು ಆ ರೈತರೇ. ನಾನು ಬರೆದುಕೊಟ್ಟದ್ದು "ಖಿನ್ನತೆಯಿಂದ ಚೇತರಿಸಿಕೊಂಡ ರೈತರ ಮಾತು" ಎಂದು ಆರಂಭವಾಗುತ್ತಿತ್ತು. ಅವರಿಗೆ ಓದಿ ಹೇಳಿದಾಗ, "ಖಿನ್ನತೆ ಅಂದರೆ ನಮ್ಮೂರಲ್ಲಿ ಯಾರಿಗೆ ಗೊತ್ತಾಗುತ್ತೆ ಸಾಮಿ, ಮನಸ್ಸು ಕುಗ್ಗಿಹೋಗಿದೆ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ" ಎಂದರು. ಆ ಮೇಲೆ ಒಪ್ಪಿಕೊಂಡ ರೂಪ ಹೀಗಿದೆ: "ಮನಸ್ಸು ಕುಗ್ಗಿದಾಗ ಆಸ್ಪತ್ರೆಗೆ ಹೋಗಿ ಚೇತರಿಸಿಕೊಂಡ ರೈತರ ಮಾತು: ಖಿನ್ನತೆಯ ಲಕ್ಷಣ, ಚಿಕಿತ್ಸೆ". ಎಲ್ಲ ಚಿಹ್ನೆಗಳೂ ಸೇರಿ ಇದು 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಡುವೆ ಕತ್ತರಿಸಿದರೂ ಆಸ್ಪತ್ರೆಗೆ ಹೋದ ವಿಷಯ ಉಳಿಯುತ್ತದೆ. ವೈದ್ಯಕೀಯ ಪದ ಹಿಂದಕ್ಕೆ ಸರಿದಿದೆಯೇ ಹೊರತು ಹುಡುಕುವವರಿಗೆ ಸಿಗದಂತೆ ಮಾಯವಾಗಿಲ್ಲ. ಬೆಳೆಯ ಹೆಸರನ್ನೂ ತಾಲ್ಲೂಕಿನ ಹೆಸರನ್ನೂ ಬಿಟ್ಟದ್ದು ಗುರುತಿನ ಕಾರಣಕ್ಕೆ. ಮುಖ ತೋರಿಸಲು ಅವರು ಒಪ್ಪಿದ್ದರು ನಿಜ, ಆದರೆ ಊರು ಮತ್ತು ಬೆಳೆಯ ಹೆಸರಿನಿಂದ ಅವರ ಹೆಂಡತಿ ಮಕ್ಕಳನ್ನೂ ಗುರುತಿಸಬಹುದು, ಆ ಮಕ್ಕಳು ಒಪ್ಪಿಗೆ ಕೊಟ್ಟಿರಲಿಲ್ಲ. ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಫೋಟೋವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಹೇಳುವುದನ್ನೂ ಯುವಕರಿಗೆ ನೆನಪಿಸಿದೆ.

ಶೀರ್ಷಿಕೆ ಸರಿಯಾದ ಮೇಲೆ ಥಂಬ್‌ನೇಲ್ ನೋಡಿದರೆ ಅಲ್ಲಿ ಕತ್ತಲ ಮೂಲೆಯಲ್ಲಿ ತಲೆ ಹಿಡಿದು ಕುಳಿತವನ ಚಿತ್ರ, ಕೆಂಪು ಅಕ್ಷರಗಳಲ್ಲಿ ಹಳೆಯ ಮಾತು ಹಾಗೆಯೇ ಇತ್ತು! ಶೀರ್ಷಿಕೆಗೆ ಹಾಕಿದ ಎಲ್ಲ ನಿಯಮಗಳೂ ಚಿತ್ರದ ಮೇಲಿನ ಬರಹಕ್ಕೂ ಹ್ಯಾಶ್‌ಟ್ಯಾಗಿಗೂ ಅನ್ವಯಿಸುತ್ತವೆ. ರೈತರು ತೋಟದ ಬದುವಿನ ಮೇಲೆ ಕುಳಿತು ಮಾತನಾಡುತ್ತಿರುವ ಚಿತ್ರವನ್ನೇ ಇಟ್ಟರು. ಇದನ್ನೆಲ್ಲ ಪ್ರಕಟಿಸುವ ಮುಂಚೆಯೇ ಮುಗಿಸಬೇಕು. ಯೂಟ್ಯೂಬಿನಲ್ಲಿ ಶೀರ್ಷಿಕೆಯನ್ನು ಆಮೇಲೆ ಬದಲಿಸಬಹುದಾದರೂ ಅಷ್ಟರೊಳಗೆ ವಾಟ್ಸಾಪಿನಲ್ಲಿ ಹಂಚಿಹೋದ ಕೊಂಡಿಗಳ ಕೆಳಗೆ ಹಳೆಯ ಶೀರ್ಷಿಕೆಯೇ ಉಳಿದಿರುತ್ತದೆ.

ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಶೀರ್ಷಿಕೆಗೆ ಸೇರಿಸೋಣ ಎಂದು ಒಬ್ಬರು ಸೂಚಿಸಿದರು. ಅದಕ್ಕೆ ವಿವರಣೆಯ ಮೊದಲ ಸಾಲು ಸರಿಯಾದ ಜಾಗವೆಂದು ನನಗನಿಸಿತು. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು ಎಂಬ ಮಾತನ್ನೂ ಅಲ್ಲಿ ಸೇರಿಸಲು ಸ್ಥಳವಿರುತ್ತದೆ. ಬರಿಯ ಐದು ಅಂಕಿಗಳನ್ನು ಕಂಡು ಕರೆ ಮಾಡುವವರಿಗಿಂತ, ಆ ಕಡೆ ಯಾರು ಎತ್ತುತ್ತಾರೆ, ಯಾವ ಭಾಷೆಯಲ್ಲಿ ಕೇಳುತ್ತಾರೆ ಎಂದು ತಿಳಿದು ಕರೆ ಮಾಡುವವರು ಹೆಚ್ಚು. ಅದೇ ಸಾಲನ್ನು ಪ್ರತಿಕ್ರಿಯೆಗಳ ಮೇಲ್ತುದಿಯಲ್ಲೂ ಪಿನ್ ಮಾಡಿದ್ದಾರೆ. ಯಾರಾದರೂ ಕೆಳಗೆ ವಿಧಾನದ ವಿವರ ಬರೆದರೆ ಅಳಿಸಲು ಮೊದಲ ವಾರ ಇಬ್ಬರು ಸರದಿಯ ಮೇಲೆ ನೋಡಿಕೊಳ್ಳುವುದೆಂದು ತೀರ್ಮಾನವಾಗಿದೆ.