ಕಾಲರ್ ಮೇಲಿನ ಮೂರು ಮಿಲಿಮೀಟರ್

ನನ್ನದು ಚಿಕ್ಕ ಕ್ರಾಪು. ನೆತ್ತಿಯ ಮೇಲೆ ಎರಡೂವರೆ ಸೆಂಟಿಮೀಟರ್, ಪಕ್ಕಕ್ಕೆ ಬಂದರೆ ಇನ್ನೂ ಕಡಿಮೆ, ಕತ್ತಿನ ಹತ್ತಿರ ಬರೀ ಚರ್ಮ. ಕಟಿಂಗ್ ಮಾಡಿಸಿಕೊಂಡ ದಿನ ಮದುವೆ ಗಂಡು. ಹತ್ತೇ ದಿನಕ್ಕೆ ಅಮ್ಮ ಶುರು ಮಾಡುತ್ತಾಳೆ: "ಏನೋ ಇದು, ಕಟಿಂಗ್ ಶಾಪ್ ಮುಚ್ಚಿಬಿಟ್ರೇನೋ?"

ಪಾಪ, ಇದರಲ್ಲಿ ನೆತ್ತಿಯ ತಪ್ಪೇನೂ ಇಲ್ಲ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹತ್ತು ದಿನಕ್ಕೆ ಮೂರು ಮಿಲಿಮೀಟರ್ ಚಿಲ್ಲರೆ. ಮೇಲೆ 25 ಮಿಲಿಮೀಟರ್ ಇದ್ದದ್ದು 28 ಆದರೆ ಯಾರಿಗೆ ಗೊತ್ತಾಗುತ್ತದೆ? ಕತ್ತಿನಲ್ಲಿ ಸೊನ್ನೆ ಇದ್ದದ್ದು ಮೂರಾದರೆ ಹಿಂದಿನ ಸೀಟಿನವರಿಗೂ ಗೊತ್ತಾಗುತ್ತದೆ. ಹಾಗಾಗಿ ಕ್ರಾಪು ಕೆಡುವುದು ಕೆಳಗಿನಿಂದ. ಕತ್ತು, ಕಿವಿ ಇವೆರಡನ್ನು ಮನೆಯಲ್ಲೇ ಸರಿಮಾಡಿಕೊಂಡರೆ ಇನ್ನೊಂದು ಎರಡು ವಾರ ನೂಕಬಹುದು.

ಇಷ್ಟು ಗೊತ್ತಾದ ಉತ್ಸಾಹದಲ್ಲೇ ನಾನು ಮೊದಲ ಸಲ ಕೆಟ್ಟದ್ದು. ಬಚ್ಚಲುಮನೆಯ ಕನ್ನಡಿಗೆ ಬೆನ್ನು ಹಾಕಿದೆ. ಎಡಗೈಯಲ್ಲಿ ಕೈಗನ್ನಡಿ, ಬಲಗೈಯಲ್ಲಿ ಟ್ರಿಮ್ಮರ್. ಕತ್ತಿನ ಮೇಲೆ ನೇರ ಗೆರೆ ಎಳೆದೆ. ನೋಡಿದರೆ ಬಲಗಡೆ ಒಂಚೂರು ಮೇಲೆ. ಎಡಗಡೆ ಅದಕ್ಕೆ ಸಮ ಮಾಡಿದೆ. ಈಗ ಎಡಗಡೆ ಮೇಲೆ. ಬೆಕ್ಕುಗಳಿಗೆ ರೊಟ್ಟಿ ಹಂಚಿದ ಕೋತಿಯ ಕತೆ ಗೊತ್ತಲ್ವಾ? ಇಲ್ಲಿ ರೊಟ್ಟಿಯೂ ನನ್ನದೇ, ಕೋತಿಯೂ ನಾನೇ. ಕೊನೆಗೆ ಗೆರೆ ಎರಡು ಬೆರಳಷ್ಟು ಮೇಲೆ ಹತ್ತಿ ನಿಂತಿತು. ಕ್ರಾಪು ಬೋರಲು ಹಾಕಿದ ಚಟ್ಟಿಯ ಹಾಗಾಗಿತ್ತು. ಮಾರನೆಯ ವಾರ ಅಂಗಡಿಯವನು ತಲೆ ಬಗ್ಗಿಸಿ ನೋಡಿ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದ. ಮನೆಯಲ್ಲಿ ಮಕ್ಕಳು ಎಂದು ಸುಳ್ಳು ಹೇಳಿದೆ.

ಅವನೇ ಹೇಳಿಕೊಟ್ಟ. ಗೆರೆ ಎಳೆಯುವುದು ನಮ್ಮ ಕೆಲಸ ಅಲ್ಲ. ಅದನ್ನು ಅವನು ಆಗಲೇ ಎಳೆದಿದ್ದಾನೆ. ಅದರ ಕೆಳಗೆ ಹೊಸದಾಗಿ ಹುಟ್ಟಿದ್ದನ್ನು ಮಾತ್ರ ತೆಗೆಯಬೇಕು. ಹಿಂದೆ ದಟ್ಟ ಕೂದಲು ಮುಗಿಯುವ ಜಾಗ ಬೆರಳಿಗೇ ಸಿಗುತ್ತದೆ. ಎಡಗೈ ತೋರುಬೆರಳನ್ನು ಅಲ್ಲಿ ಅಡ್ಡಲಾಗಿ ಒತ್ತಿ ಇಡಬೇಕು. ಟ್ರಿಮ್ಮರ್‌ನ ಬಾಚಣಿಗೆ ಬಿಚ್ಚಿ, ಕಾಲರ್ ಕಡೆಯಿಂದ ಮೇಲಕ್ಕೆ ಹಗುರವಾಗಿ ತಂದು, ಬೆರಳು ತಗುಲಿದ ಕೂಡಲೇ ನಿಲ್ಲಿಸಬೇಕು. ಈ ಹೊತ್ತಿನಲ್ಲಿ ಕೈಗನ್ನಡಿ ಬೇಡವೇ ಬೇಡ. ಇರುವುದು ಎರಡೇ ಕೈ. ಮುಗಿದ ಮೇಲೆ ಒಂದು ಸಲ ನೋಡಿಕೊಂಡರೆ ಸಾಕು. ಆಗಲೂ ಕೈಗನ್ನಡಿ ಸ್ವಲ್ಪ ತಿರುಗಿದರೆ ಒಂದು ಪಕ್ಕ ಜಾಸ್ತಿ ಕಾಣುತ್ತದೆ. ಅದನ್ನು ನಂಬಿ ಮತ್ತೆ ಟ್ರಿಮ್ಮರ್ ಎತ್ತಬಾರದು. ಎರಡೂ ಕಿವಿಯ ಹಾಲೆಯಿಂದ ಬೆರಳಲ್ಲಿ ಅಳೆದು ನೋಡುವುದೇ ಸರಿ.

ಫೇಡ್ ಮಾಡಿಸಿದವರಿಗೆ ಇನ್ನೊಂದು ತೊಂದರೆ. ಅವರ ಕೂದಲು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಕರಗುತ್ತಾ ಬಂದಿರುತ್ತದೆ, ಗೆರೆಯೇ ಇರುವುದಿಲ್ಲ. ಬೆರಳನ್ನು ತೀರಾ ಮೇಲಿಟ್ಟು ತೆಗೆದರೆ ಮೆಟ್ಟಿಲು ಬೀಳುತ್ತದೆ. ಅದನ್ನು ಮನೆಯಲ್ಲಿ ಸರಿಮಾಡಲು ಬರುವುದಿಲ್ಲ. ತೀರಾ ಕೆಳಗಿನ ನವಿರನ್ನು ತೆಗೆದು ಸುಮ್ನಿರಬೇಕು.

ಕಿವಿ ಇದಕ್ಕಿಂತ ಸುಲಭ, ಎದುರಿಗಿನ ಕನ್ನಡಿಯಲ್ಲೇ ಕಾಣುತ್ತದಲ್ಲ. ಕಿವಿಯನ್ನು ಬೆರಳಿನಿಂದ ಕೆಳಕ್ಕೆ ಮಡಚಿ, ಟ್ರಿಮ್ಮರ್‌ನ ಒಂದು ಮೂಲೆಯ ಎರಡು ಮೂರು ಹಲ್ಲು ಮಾತ್ರ ತಾಗಿಸಿ, ಕಿವಿಯ ಮೇಲೆ ಬೀಳುತ್ತಿರುವ ಎಳೆಗಳನ್ನು ತೆಗೆಯುವುದು. ಕಿವಿ ಬಿಟ್ಟಾಗ ಅದರ ಮೇಲೆ ಬಿಳಿ ಕಮಾನು ಕಂಡರೆ ಅತಿಯಾಯಿತು ಎಂದು ಅರ್ಥ.

ರೇಜರ್ ನುಣುಪಾಗಿ ಮಾಡುತ್ತದೆ ನಿಜ. ಆದರೆ ನನ್ನಂಥ ಗುಂಗುರು ಕೂದಲಿನವರಿಗೆ ಕತ್ತಿನಲ್ಲಿ ಬೋಳಿಸಿದ ಕೂದಲು ಮತ್ತೆ ಬೆಳೆಯುವಾಗ ಬಾಗಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಮೂರನೇ ದಿನ ಕೆಂಪು ಗುಳ್ಳೆ, ಅದರ ಮೇಲೆ ಕಾಲರ್ ಉಜ್ಜಾಟ. ಟ್ರಿಮ್ಮರ್ ಬಿಟ್ಟುಹೋಗುವ ಅರ್ಧ ಮಿಲಿಮೀಟರ್ ಇದ್ದರೆ ಇರಲಿ.

ಈಗ ಹತ್ತನೇ ದಿನ ಒಂದು ಸಲ, ಹದಿನೆಂಟನೇ ದಿನ ಇನ್ನೊಂದು ಸಲ. ಆಮೇಲೆ ಕಿವಿಯ ಮೇಲ್ಗಡೆಯೇ ಉಬ್ಬಲು ಶುರುವಾಗುತ್ತದೆ, ಅಂಗಡಿಗೆ ಹೋಗಲೇಬೇಕು. ಮೊನ್ನೆ ಹತ್ತನೇ ದಿನ ಮಂಗಳವಾರ ಬಿತ್ತು. ಅಂಗಡಿಗೇ ರಜೆ ಇರುವ ದಿನ. ಟ್ರಿಮ್ಮರ್ ಸದ್ದಿಗೆ ಅಮ್ಮ ಬಚ್ಚಲ ಬಾಗಿಲಿಗೆ ಬಂದಳು.

"ಮಂಗಳವಾರ ಕೂದಲು ಕತ್ತರಿಸ್ತಿದೀಯೇನೋ?"

"ಇಲ್ಲಮ್ಮ," ಎಂದೆ, ತೋರುಬೆರಳು ಕತ್ತಿನ ಮೇಲಿಂದ ಅಲುಗದ ಹಾಗೆ. "ಕತ್ತು ಒರೆಸ್ಕೋತಿದೀನಿ."