ಬಿಳಿ ಅಂಗಿ ಬೇಡ, ನೇವಿ ಬ್ಲೂ ಅಂಗಿಯೂ ಬೇಡ: ಯೂನಿಫಾರ್ಮ್ ಬಣ್ಣ ಆರಿಸುವವರಿಗೆ ಒಂದಿಷ್ಟು ಮಾತು

ಜನವರಿ, ಫೆಬ್ರವರಿ ಬಂತೆಂದರೆ ಶಾಲಾ ಕಮಿಟಿಯವರು ಮುಂದಿನ ವರ್ಷದ ಯೂನಿಫಾರ್ಮ್ ನೋಡಲು ಅಂಗಡಿಗೆ ಬರುತ್ತಾರೆ. ನಾನು ಹೊಸಪೇಟೆಯಲ್ಲಿ ಯೂನಿಫಾರ್ಮ್ ಬಟ್ಟೆ ಮಾರುವವನು. ಟ್ಯೂಬ್‌ಲೈಟ್ ಬೆಳಕಿನಲ್ಲಿ, ಫ್ಯಾನ್ ಕೆಳಗೆ ಕೂತು, ಸ್ಯಾಂಪಲ್ ಪುಸ್ತಕದಲ್ಲಿರುವ ಅಂಗೈಯಗಲದ ತುಂಡು ನೋಡಿ ಬಣ್ಣ ಆರಿಸುತ್ತಾರೆ. ಕೊನೆಗೆ ಉಳಿಯುವುದು ಎರಡೇ. ಒಂದು, ಬಿಳಿ ಅಂಗಿ. ಇನ್ನೊಂದು, ಪೇಟೆಯ ದೊಡ್ಡ ಶಾಲೆಯಂತೆ ಕಾಣುವ ಮರೂನ್ ಅಥವಾ ನೇವಿ ಬ್ಲೂ. ನಮ್ಮ ಕಡೆಯ ಬಿಸಿಲು, ಮಣ್ಣು, ನೀರಿಗೆ ಇವೆರಡೂ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಬಿಸಿಲಿನ ಮಾತು. ಹೊಸಪೇಟೆ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲೂ ನೆತ್ತಿಯಿಂದ ಜಾಸ್ತಿ ದೂರ ಹೋಗುವುದಿಲ್ಲ. ಅಂದರೆ ಮಧ್ಯಾಹ್ನ ಮೈದಾನದಲ್ಲಿ ನಿಂತ ಮಗುವಿಗೆ ಬಿಸಿಲು ಬೀಳುವುದು ತಲೆ, ಹೆಗಲು, ಬೆನ್ನಿನ ಮೇಲ್ಭಾಗಕ್ಕೆ. ಪ್ಯಾಂಟು, ಲಂಗಕ್ಕೆ ತಾಗುವುದು ಕಡಿಮೆ, ಅದೂ ಓರೆಯಾಗಿ. ಹಾಗಾಗಿ ಬಣ್ಣದಿಂದ ಸೆಕೆ ತಗ್ಗಬೇಕಾದರೆ ಅದು ಅಂಗಿಯಲ್ಲೇ ಆಗಬೇಕು. ಕೆಳಗಿನ ಬಟ್ಟೆ ಗಾಢವಾಗಿದ್ದರೂ ಅಷ್ಟೇನೂ ನಷ್ಟವಿಲ್ಲ. ಎಷ್ಟೋ ಶಾಲೆಗಳು ಇದನ್ನು ಉಲ್ಟಾ ಮಾಡುತ್ತವೆ. ಅಂಗಿ ಮರೂನ್, ಪ್ಯಾಂಟು ಕ್ರೀಮ್. ಹೆಗಲು ಕಾಯುತ್ತದೆ, ಮೊಣಕಾಲು ಕೊಳೆಯಾಗುತ್ತದೆ.

ತಿಳಿ ಬಣ್ಣ ತಂಪು ಅಂದ ಮಾತ್ರಕ್ಕೆ ಅಚ್ಚ ಬಿಳಿಯೇ ಆಗಬೇಕಿಲ್ಲ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ನಾವು ನೋಡುವ ಬಣ್ಣ ಕಾಣುವ ಬೆಳಕಿನ ಲೆಕ್ಕ ಮಾತ್ರ ಹೇಳುತ್ತದೆ. ಆದ್ದರಿಂದ ಬಿಳಿಗೂ ತಿಳಿ ಕ್ರೀಮಿಗೂ ಸೆಕೆಯ ವ್ಯತ್ಯಾಸ ಗೊತ್ತಾಗುವಷ್ಟು ಇರುವುದಿಲ್ಲ. ಕ್ರೀಮಿಗೂ ನೇವಿ ಬ್ಲೂಗೂ ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತದೆ.

ನಂಬಿಕೆ ಬರದಿದ್ದರೆ ಶಾಲೆಯಲ್ಲೇ ನೋಡಬಹುದು. ಒಂದೇ ಅಳತೆಯ ಸ್ಟೀಲ್ ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದೇ ಜಾತಿಯ, ಬೇರೆ ಬೇರೆ ಬಣ್ಣದ ಒಣ ಬಟ್ಟೆಯನ್ನು ಒಂದೊಂದಕ್ಕೆ ಒಂದೇ ಸುತ್ತು ಸುತ್ತಿ. ಬಟ್ಟೆಗೆ ನೆರಳು ಬೀಳದಂಥ ಸಣ್ಣ ಮುಚ್ಚಳ ಬಾಯಿಗೆ ಹಾಕಿ, ಬಿಸಿಲು ಪಕ್ಕದಿಂದ ಬೀಳುವ ಬೆಳಗಿನ ಹೊತ್ತಿನಲ್ಲಿ ಒಂದು ಗಂಟೆ ಇಡಿ. ಆಮೇಲೆ ವಿಜ್ಞಾನದ ಲ್ಯಾಬಿನ ಥರ್ಮಾಮೀಟರ್ ಅದ್ದಿ ನೋಡಿ. ಹಣೆಗೆ ಹಿಡಿಯುವ ಜ್ವರದ ಥರ್ಮಾಮೀಟರ್ ಇದಕ್ಕೆ ಬೇಡ, ಅದು ಮೈ ಬಿಸಿಯ ಆಸುಪಾಸು ಮಾತ್ರ ತೋರಿಸುತ್ತದೆ. ಇನ್ನೊಂದು ವಿಷಯ. ಈ ವ್ಯತ್ಯಾಸವೆಲ್ಲ ಬಿಸಿಲಿನಲ್ಲಿ ನಿಂತಾಗ ಮಾತ್ರ. ತರಗತಿಯೊಳಗೆ ಕೂತ ಮಗುವಿಗೆ ಬಣ್ಣಕ್ಕಿಂತ ಬಟ್ಟೆಯ ದಪ್ಪ, ನೇಯ್ಗೆ, ಹತ್ತಿ ಎಷ್ಟಿದೆ ಎನ್ನುವುದೇ ಮುಖ್ಯ.

ಹೊಲಿಗೆಯನ್ನೂ ಮರೆಯಬಾರದು. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು ವಿಜ್ಞಾನಿಗಳು ಅಳೆದು ನೋಡಿ, 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಕಪ್ಪು ನಿಲುವಂಗಿ ಬಿಳಿಗಿಂತ ಹೆಚ್ಚು ಶಾಖ ಹೀರುತ್ತಿತ್ತು. ಆದರೆ ಅದು ಸಡಿಲವಾಗಿದ್ದುದರಿಂದ ಆ ಹೆಚ್ಚಿನ ಶಾಖ ಚರ್ಮಕ್ಕೆ ತಲುಪುವ ಮೊದಲೇ ಹೋಗಿಬಿಡುತ್ತಿತ್ತು. ನಮ್ಮ ಮಕ್ಕಳ ಅಂಗಿ ಹಾಗಿಲ್ಲ ಅಲ್ವಾ? ಪ್ಯಾಂಟಿನೊಳಗೆ ಸಿಕ್ಕಿಸಿ, ಬೆಲ್ಟ್ ಬಿಗಿದು, ಕುತ್ತಿಗೆಗೆ ಟೈ ಕಟ್ಟಿ, ಮೇಲೊಂದು ಗಾಢ ಬಣ್ಣದ ವೇಸ್ಟ್‌ಕೋಟ್ ಹಾಕಿಸುತ್ತೇವೆ. ಬಿಸಿಗಾಳಿ ಮೇಲೆ ಹೋಗುವ ದಾರಿಯೇ ಕಾಲರ್. ಅದನ್ನು ಟೈ ಮುಚ್ಚುತ್ತದೆ. ಅಂಗಿಗೆ ಎಷ್ಟೇ ಒಳ್ಳೆಯ ಬಣ್ಣ ಆರಿಸಿದರೂ ಮೇಲೆ ಕಪ್ಪು ವೇಸ್ಟ್‌ಕೋಟ್ ಬಂದರೆ ಬಿಸಿಲು ನೋಡುವುದು ಆ ಕಪ್ಪನ್ನೇ. ವೇಸ್ಟ್‌ಕೋಟ್ ಆರ್ಡರ್ ಬಂದರೆ ನನಗೇ ಲಾಭ. ಆದರೂ ಬೇಡ ಅಂತಲೇ ಹೇಳುತ್ತೇನೆ.

ಇನ್ನು ಮಣ್ಣು. ಹೊಸಪೇಟೆ, ಸಂಡೂರಿನ ಕೆಂಪು ಧೂಳು ಎಂದರೆ ಕಬ್ಬಿಣದ ಆಕ್ಸೈಡ್. ಅದು ಸಾಂಬಾರಿನ ಕಲೆಯ ಹಾಗಲ್ಲ. ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ತಾಯಂದಿರು ಗಾಬರಿಯಾಗುತ್ತಾರೆ. ಆದರೆ ಒಗೆದು ಬಿಸಿಲಿಗೆ ಹರವಿದರೆ ಅರಿಸಿನ ತಾನೇ ಮಾಸುತ್ತದೆ. ಕೆಂಪು ಮಣ್ಣು ಬಿಸಿಲಿಗೂ ಹೋಗುವುದಿಲ್ಲ, ಬ್ಲೀಚಿಗೂ ಹೋಗುವುದಿಲ್ಲ. ನುಣ್ಣನೆಯ ಕಣಗಳು ನೂಲಿನ ಎಳೆಗಳ ನಡುವೆ ಕೂತುಬಿಡುತ್ತವೆ. ಅದು ಹಸಿ ಇರುವಾಗಲೇ ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಬ್ರಷ್‌ನಿಂದ ಕೊಡವಿ, ಆಮೇಲೆ ಸೋಪಿನ ನೀರಿಗೆ ಹಾಕಬೇಕು. ಉಳಿದ ಕಂದು ಗುರುತಿಗೆ ನಿಂಬೆಹಣ್ಣಿನ ರಸ ಸ್ವಲ್ಪ ಕೆಲಸ ಮಾಡುತ್ತದೆ.

ಅದರ ಮೇಲೆ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಸೋಪು ನೊರೆ ಬಾರದೆ ಜಿಡ್ಡಾಗಿ ಬಟ್ಟೆಯಲ್ಲೇ ಉಳಿಯುತ್ತದೆ, ಬಿಳಿ ಬೂದಾಗುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚ್ ಹಾಕಿದಾಗ ಅದು ತುಕ್ಕಾಗಿ ಕಂದು ಚುಕ್ಕೆ ಬಿಡುತ್ತದೆ. ಜೂನ್‌ನಲ್ಲಿ ಹೊಳೆಯುತ್ತಿದ್ದ ಬಿಳಿ ಅಂಗಿ ದೀಪಾವಳಿ ಹೊತ್ತಿಗೆ ಹೇಗಾಗಿರುತ್ತದೆ ಎಂದು ಪ್ರತಿ ವರ್ಷ ನೋಡುತ್ತೇನೆ. ಒಬ್ಬ ತಾಯಿ ಅಂಗಡಿಗೆ ಬಂದು ಹೇಳಿದ್ದರು, "ಅಣ್ಣಾ, ಶನಿವಾರದ ಬಿಳಿ ಡ್ರೆಸ್ ತೊಳೆಯೋದ್ರಲ್ಲೇ ನನ್ನ ಭಾನುವಾರ ಹೋಗುತ್ತೆ." ಅವರು ವಾರದ ಆರು ದಿನ ಕೂಲಿಗೆ ಹೋಗುವವರು. ಬಣ್ಣ ಆರಿಸುವ ಕಮಿಟಿಯಲ್ಲಿ ಬಟ್ಟೆ ಒಗೆಯುವವರು ಒಬ್ಬರಾದರೂ ಇರಬೇಕು ಅಂತ ನಾನು ಹೇಳುವುದು ಅದಕ್ಕೇ.

ಬೆವರಿನ ವಿಷಯ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಬಟ್ಟೆ ಒದ್ದೆಯಾದರೆ ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ಬೆಳಕು ಚದುರಿ ಹಿಂದೆ ಬರುವುದು ಕಡಿಮೆಯಾಗಿ ಆ ಭಾಗ ಕಪ್ಪಾಗಿ ಕಾಣುತ್ತದೆ. ಇದು ಅತಿ ಎದ್ದು ಕಾಣುವುದು ಬೂದು ಮತ್ತು ಆಕಾಶ ನೀಲಿಯಲ್ಲಿ. ನೇವಿಯಲ್ಲಿ ಒದ್ದೆ ಕಾಣುವುದಿಲ್ಲ, ಆದರೆ ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಬಿಳಿ ಕಪ್ಪಾಗುವುದಿಲ್ಲ, ಆದರೆ ಒಳಗಿನದು ಕಾಣುತ್ತದೆ. ದೊಡ್ಡ ಹುಡುಗಿಯರು ಮಳೆಯಲ್ಲಿ ನೆನೆದರೆ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ನಡೆಯುತ್ತಾರೆ. ಅವರಿಗೆ ಬಿಳಿ ಲಂಗ, ಬಿಳಿ ಪ್ಯಾಂಟ್ ಅಂತೂ ಬೇಡವೇ ಬೇಡ. ಮುಟ್ಟಿನ ದಿನಗಳಲ್ಲಿ ಆ ಬಟ್ಟೆ ಹಾಕಿಕೊಂಡು ಡ್ರಿಲ್ ಮಾಡು ಅನ್ನುವುದು ತಪ್ಪು. ಬಿಳಿಯ ನಿಯಮವನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಮಹಿಳಾ ಆಟಗಾರರಿಗೆ ಗಾಢ ಬಣ್ಣದ ಒಳ ಶಾರ್ಟ್ಸ್ ಹಾಕಲು ಬಿಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡವೂ ಬಿಳಿ ಶಾರ್ಟ್ಸ್ ಬಿಟ್ಟು ನೀಲಿಗೆ ಹೋಯಿತು. ನಮ್ಮ ಶಾಲೆಗಳು ಯಾಕೆ ಬಿಡಬಾರದು?

ಹಾಗಾದರೆ ಏನು ಹಾಕಬೇಕು? ನಾನು ಕೊಡುವ ಜೋಡಿ ಇದು. ಅಂಗಿಗೆ ತಿಳಿ ಕ್ರೀಮ್ ನೆಲದ ಮೇಲೆ ಕಂದು ಅಥವಾ ಇಟ್ಟಿಗೆ ಬಣ್ಣದ ಸಣ್ಣ ಚೌಕುಳಿ, ಗೆರೆ ತೆಳ್ಳಗಿರಬೇಕು. ದೂರದಿಂದ ತಿಳಿ ಬಣ್ಣವಾಗಿಯೇ ಕಾಣುತ್ತದೆ, ಬಿಸಿಲಿಗೂ ಹಾಗೆಯೇ. ಹತ್ತಿರದಿಂದ ನೋಡಿದರೆ ಕಣ್ಣು ಗೆರೆಗಳ ಮೇಲೆ ಓಡುತ್ತದೆ, ಬೆವರಿನ ಅಂಚು, ಪೆನ್ನಿನ ಗೀಟು, ಮಣ್ಣಿನ ಛಾಯೆ ಎದ್ದು ಕಾಣುವುದಿಲ್ಲ. ಒದ್ದೆಯಾದರೆ ಅಚ್ಚ ಬಿಳಿಯಷ್ಟು ಪಾರದರ್ಶಕವಾಗುವುದೂ ಇಲ್ಲ. ಪ್ಯಾಂಟು, ಲಂಗಕ್ಕೆ ಕಾಫಿ ಕಂದು. ನಮ್ಮ ಮಣ್ಣಿನ ಬಣ್ಣಕ್ಕೆ ಹತ್ತಿರ, ಕೂತೆದ್ದರೂ ಗೊತ್ತಾಗುವುದಿಲ್ಲ. ಇಸ್ತ್ರಿ ಮಾಡಿದರೆ ನೋಡಲು ಬಹಳ ಚೆಂದ. ಇದು ಕೆಂಪು ಮಣ್ಣಿನ ಊರಿಗೆ. ರಾಯಚೂರಿನ ಎರೆಮಣ್ಣಿನ ಊರಿನವರು ಚೌಕುಳಿ ಬೂದು ಗೆರೆಯದ್ದು, ಕೆಳಗೆ ಗಾಢ ಬೂದು ಹಿಡಿಯಬಹುದು.

ಆರಿಸಿದ ಮೇಲೂ ಸುಮ್ನೆ ಆರ್ಡರ್ ಕೊಡಬೇಡಿ. ಮನಸ್ಸಿಗೆ ಬಂದ ಮೂರು ನಾಲ್ಕು ಬಟ್ಟೆಗಳಲ್ಲಿ ಅರ್ಧರ್ಧ ಮೀಟರ್ ಕೊಳ್ಳಿ. ಪ್ರತಿಯೊಂದನ್ನೂ ಮೂರು ತುಂಡು ಮಾಡಿ. ಒಂದನ್ನು ಬೀರುವಿನಲ್ಲಿಡಿ. ಎರಡನೆಯದನ್ನು ನಿಮ್ಮೂರಿನ ನೀರಿನಲ್ಲೇ ಹತ್ತು ಸಲ ಒಗೆದು ಬಿಸಿಲಿಗೆ ಒಣಗಿಸಿ. ಮೂರನೆಯದಕ್ಕೆ ಮೈದಾನದ ಮಣ್ಣು, ಸಾಂಬಾರು, ಬಾಲ್‌ಪೆನ್ ಹಚ್ಚಿ ಒಂದು ರಾತ್ರಿ ಬಿಟ್ಟು ಒಗೆಯಿರಿ. ಆಮೇಲೆ ಮೂರನ್ನೂ ಅಂಗಳದ ಬೆಳಕಿನಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. ಒಗೆಯದ ತುಂಡಿನ ಮೇಲೆ ಒದ್ದೆ ಬಿಳಿ ಕರವಸ್ತ್ರ ಜೋರಾಗಿ ಉಜ್ಜಿ. ಅದಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆ ಬಿಡಿ. ಮರೂನ್ ಮತ್ತು ಗಾಢ ಕೆಂಪು ಹೆಚ್ಚಾಗಿ ಇಲ್ಲೇ ಸೋಲುತ್ತವೆ, ಅದರಲ್ಲೂ ಬಿಳಿ ಕಾಲರ್ ಹಚ್ಚಿದ ಡ್ರೆಸ್‌ಗಳಲ್ಲಿ.

ಬಟ್ಟೆಯ ಬಗ್ಗೆ ಒಂದು ಮಾತು. ಯೂನಿಫಾರ್ಮ್ ಟೆರಿಕಾಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ. ಬಾಳಿಕೆ ಬರುತ್ತದೆ, ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ. ಆದರೆ ಬೆವರು ಹೀರುವುದು ಕಡಿಮೆ. ಅಂಗಿಗೆ ಹತ್ತಿ ಹೆಚ್ಚಿರುವುದನ್ನು ಕೇಳಿ, ಪ್ಯಾಂಟಿಗೆ 67-33 ಇರಲಿ. ಹತ್ತಿ ಹೆಚ್ಚಾದರೆ ಸುಕ್ಕು ಹೆಚ್ಚು, ಬಣ್ಣ ಸ್ವಲ್ಪ ಬೇಗ ಮಾಸುತ್ತದೆ. ಗಾಢ ಬಣ್ಣದಲ್ಲಿ ಮಾಸಿದ್ದು ಎದ್ದು ಕಾಣುತ್ತದೆ, ತಿಳಿ ಚೌಕುಳಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಆಟದ ಜೆರ್ಸಿಗೂ ಇದೇ ಲೆಕ್ಕ, ಒಂದು ವಿಷಯ ಸೇರಿಸಿ. ಜೆರ್ಸಿ ಹಿನ್ನೆಲೆಯಿಂದ ಬೇರೆಯಾಗಿ ಕಾಣಬೇಕು. 1996ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಬೂದು ಜೆರ್ಸಿಯಲ್ಲಿ ಆಡಿ, ಅರ್ಧ ಆಟಕ್ಕೆ ಮೂರು ಗೋಲು ಹಿಂದೆ ಬಿದ್ದಿತ್ತು. ಜನರ ಗುಂಪಿನ ಎದುರು ಆಟಗಾರರಿಗೆ ಒಬ್ಬರಿಗೊಬ್ಬರು ಸರಿಯಾಗಿ ಕಾಣುತ್ತಿಲ್ಲ ಎಂದು ಆಗಲೇ ಜೆರ್ಸಿ ಬದಲಾಯಿಸಿದರು. ನಮ್ಮ ಕೆಂಪು ಮೈದಾನದಲ್ಲಿ ಇಟ್ಟಿಗೆ ಬಣ್ಣ, ಮರೂನ್ ಹಾಗೇ ಕರಗುತ್ತವೆ. ತಿಳಿ ಹಳದಿ ಎದ್ದು ಕಾಣುತ್ತದೆ, ತಂಪೂ ಹೌದು. ಈಗಿನ ಪಾಲಿಯೆಸ್ಟರ್ ಜೆರ್ಸಿಗೆ ಸಬ್ಲಿಮೇಷನ್ ಪ್ರಿಂಟ್ ಮಾಡುವಾಗ ಎಲ್ಲಿ ಬೇಕಾದರೂ ಬೇರೆ ಬಣ್ಣ ಹಾಕಿಸಬಹುದು. ಹೆಗಲು, ಬೆನ್ನು ತಿಳಿ ಇರಲಿ. ಬಿದ್ದಾಗ ನೆಲಕ್ಕೆ ಉಜ್ಜುವ ಪಕ್ಕೆ, ಕೆಳ ಅಂಚು ಗಾಢ ಇರಲಿ. ಬೂದು ಮಾತ್ರ ಬೇಡ.

ಆರ್ಡರ್ ಕೊಡುವಾಗ ಬಿಲ್ಲಿನಲ್ಲಿ ಬಟ್ಟೆಯ ಕ್ವಾಲಿಟಿ, ಶೇಡ್ ನಂಬರ್ ಎರಡೂ ಬರೆಸಿ. "ಕಾಫಿ ಬ್ರೌನ್" ಅಂತಷ್ಟೇ ಬರೆದರೆ ಮುಂದಿನ ವರ್ಷ ಬೇರೆಯದೇ ಕಂದು ಬರುತ್ತದೆ. ಒಂದೇ ನಂಬರಿನಲ್ಲೂ ಲಾಟ್‌ನಿಂದ ಲಾಟ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹಾಗಾಗಿ ವರ್ಷದ ನಡುವೆ ಸೇರುವ ಮಕ್ಕಳಿಗಾಗಿ ಅದೇ ಲಾಟಿನ ಒಂದು ಥಾನ್ ತೆಗೆದಿಡಲು ಅಂಗಡಿಯವರಿಗೆ ಮೊದಲೇ ಹೇಳಿ. ಬೀರುವಿನಲ್ಲಿಟ್ಟ ಒಗೆಯದ ತುಂಡನ್ನು ಎಸೆಯಬೇಡಿ. ಜೂನ್‌ಗೆ ಮುಂಚೆ ಮಾಲು ಬಂದಾಗ ಅಂಗಡಿಯಿಂದ ಆಚೆ, ಬಿಸಿಲಿಗೆ ತಂದು ಅದರ ಪಕ್ಕ ಹಿಡಿದು ನೋಡಿ. ಹೊಂದದಿದ್ದರೆ ಕತ್ತರಿ ಹಾಕುವ ಮೊದಲೇ ವಾಪಸ್ ಕೊಡಿ.